ತುಂಬಾ ಸೀಸನ್ ಇರೋ ಸೀರೀಸ್ ಶುರು ಮಾಡೋ ಮುಂಚೆ

ಸೀರೀಸ್ ಮುಗಿದಿದೆ ಅಂದ ಮಾತ್ರಕ್ಕೆ ಕಥೆ ಮುಗಿದಿದೆ ಅಂತಲ್ಲ. ನಾನು ಮೊದಲು ನೋಡೋದು ಒಂದೇ ವಿಷಯ: 'ಇದೇ ಕೊನೇ ಸೀಸನ್' ಅಂತ ಯಾವಾಗ ಹೇಳಿದರು? ಆ ಸೀಸನ್ ಬರುವ ಮೊದಲೇ ಹೇಳಿದ್ದರೆ, ಬರೆಯೋರಿಗೆ ಕಥೆ ಕಟ್ಟಿ ಮುಗಿಸೋಕೆ ಸಮಯ ಸಿಕ್ಕಿರುತ್ತೆ. ಬಂದು ಹೋದ ಮೇಲೆ 'ಮುಂದುವರಿಸಲ್ಲ' ಅಂದಿದ್ದರೆ ಕಥೆ ನಡುದಾರಿಯಲ್ಲೇ ನಿಂತಿರೋ ಸಾಧ್ಯತೆ ಜಾಸ್ತಿ.

'ಡಾರ್ಕ್' ನೋಡಿ. ಮೂರನೇ ಸೀಸನ್ನೇ ಕೊನೆ ಅಂತ ಮೊದಲೇ ಗೊತ್ತಿತ್ತು, 2020ರಲ್ಲಿ ಗಂಟು ಬಿಚ್ಚಿ ಮುಗಿಸಿದರು. ಅದೇ ತಂಡದ '1899' 2022ರ ನವೆಂಬರ್‌ನಲ್ಲಿ ಬಂತು. ಅದಕ್ಕೂ ಮೂರು ಸೀಸನ್ ಅಂದುಕೊಂಡಿದ್ದರು. ಎಂಟು ಎಪಿಸೋಡ್ ಆದಮೇಲೆ, 2023ರ ಜನವರಿಯಲ್ಲಿ ರದ್ದು. ಕೊನೇ ದೃಶ್ಯ ದೊಡ್ಡ ಪ್ರಶ್ನೆ ಎಸೆದು ಹಾಗೇ ಕತ್ತಲಾಗುತ್ತೆ. ತಂಡ ಒಳ್ಳೇದು ಅನ್ನೋದೊಂದೇ ಗ್ಯಾರಂಟಿ ಅಲ್ಲ, ಅಲ್ವಾ?

ಇನ್ನೂ ನಡೀತಾ ಇರೋ ಸೀರೀಸ್ ಆದರೆ, ನೋಡಿದವರನ್ನ 'ಚೆನ್ನಾಗಿದೆಯಾ' ಅಂತ ಕೇಳಬೇಡಿ. 'ಯಾವ ಸೀಸನ್ ಮುಗಿಸಿ ಎದ್ದರೆ ತಲೆ ಕೆರೆಯಲ್ಲ?' ಅಂತ ಕೇಳಿ. 'ಎರಡನೇದು' ಅಂತ ಉತ್ತರ ಬಂದರೆ, ಅಲ್ಲಿವರೆಗಿನ ಲೆಕ್ಕ ಹಾಕಿ. ಹತ್ತತ್ತು ಎಪಿಸೋಡ್, ಒಂದೊಂದು 50 ನಿಮಿಷ ಅಂದರೆ ಸುಮಾರು 17 ಗಂಟೆ. ಎಂಟು ಸೀಸನ್ ಆದರೆ 67 ಗಂಟೆ! 17 ಗಂಟೆ ಕೊಡೋಕೆ ಮನಸ್ಸಿದ್ದರೆ ಶುರು ಮಾಡಿ.

ದಿನಕ್ಕೊಂದು ಕೇಸ್ ಬಿಡಿಸೋ ಪೊಲೀಸ್ ಕಥೆ, ಆಫೀಸ್ ಕಾಮಿಡಿಗಳಿಗೆ ಈ ತಲೆನೋವು ಬೇಡ. ಸುಮ್ನೆ ನೋಡಿ, ಸಾಕಾದಾಗ ಬಿಡಿ.