ಔಷಧಿ ತಗೊಂಡೋರೇ ಜಾಸ್ತಿ ದಿನ ಬದುಕಿದ್ರಾ? ‘ಅಮರ ಸಮಯ’ದ ತಪ್ಪು ಹಿಡಿಯೋದು ಹೀಗೆ

2001ರಲ್ಲಿ ಕೆನಡಾದ ಒಂಟಾರಿಯೋದಿಂದ ಒಂದು ಸ್ಟಡಿ ಬಂತು. ಸಿಒಪಿಡಿ ಅನ್ನೋ, ಉಸಿರಾಡೋಕೆ ಕಷ್ಟ ಮಾಡೋ ಶ್ವಾಸಕೋಶದ ದೀರ್ಘಕಾಲದ ಕಾಯಿಲೆಗೆ ಆಸ್ಪತ್ರೆ ಸೇರಿ ಡಿಸ್ಚಾರ್ಜ್ ಆದ 65 ದಾಟಿದವರನ್ನ ಒಂದು ವರ್ಷ ಫಾಲೋ ಮಾಡಿದ್ರು, ಸ್ಟೀರಾಯ್ಡ್ ಇನ್ಹೇಲರ್ ತಗೊಂಡೋರಲ್ಲಿ ಮತ್ತೆ ಅಡ್ಮಿಟ್ ಆಗೋದು ಅಥವಾ ಸಾಯೋದು ಶೇ 26ರಷ್ಟು ಕಡಿಮೆ ಅಂತ ಲೆಕ್ಕ ಬಂತು. ಆದ್ರೆ ‘ತಗೊಂಡೋರು’ ಅಂದ್ರೆ ಯಾರು? ಡಿಸ್ಚಾರ್ಜ್ ಆಗಿ 90 ದಿನದೊಳಗೆ ಯಾವತ್ತಾದ್ರೂ ಒಂದು ಸಲ ಇನ್ಹೇಲರ್ ಪಡೆದೋರು. ಎಡವಟ್ಟು ಇರೋದೇ ಇಲ್ಲಿ.

80ನೇ ದಿನ ಇನ್ಹೇಲರ್ ತಗೊಂಡ ಒಬ್ಬರನ್ನ ನೆನೆಸ್ಕೊಳಿ. ಆ 80 ದಿನ ಅವರು ಬದುಕಿರಲೇಬೇಕು, ಇಲ್ದಿದ್ರೆ ತಗೊಳೋಕೇ ಆಗ್ತಿರ್ಲಿಲ್ಲ. ಅದೇ ಇನ್ನೊಬ್ಬರು 20ನೇ ದಿನ ತೀರಿಕೊಂಡ್ರು ಅಂದ್ಕೊಳಿ, ಡಾಕ್ಟರು ಮುಂದಿನ ವಾರ ಬರೆದುಕೊಡೋರಿದ್ರೋ ಏನೋ, ಆದ್ರೆ ರೆಕಾರ್ಡಲ್ಲಿ ಅವರು ‘ತಗೊಳ್ಳದೋರು’ ಆಗಿಬಿಟ್ರು. ಸಾವು ಬರೋಕೆ ಸಾಧ್ಯವೇ ಇಲ್ಲದ ಆ 80 ದಿನಕ್ಕೇ ಅಮರ ಸಮಯ ಅನ್ನೋದು.

ಇದು ಎಷ್ಟು ದೊಡ್ಡ ಮೋಸ ಮಾಡುತ್ತೆ ಅಂತ ಗೊತ್ತಾಗ್ಬೇಕಂದ್ರೆ ಒಂದು ಕಾಗದ ತಗೊಂಡು, ಏನೂ ಕೆಲಸ ಮಾಡದ ಔಷಧಿಯನ್ನೇ ಇಟ್ಕೊಂಡು ಲೆಕ್ಕ ಹಾಕಿ (ಇದು ನಾನು ಮಾಡ್ಕೊಂಡ ಲೆಕ್ಕ, ಒಂಟಾರಿಯೋದ್ದಲ್ಲ). 1000 ಜನ, ಪ್ರತಿ ಮೂರು ತಿಂಗಳಿಗೆ ಇರೋರಲ್ಲಿ ಶೇ 10ರಷ್ಟು ಜನ ಸಾಯ್ತಾರೆ, ಔಷಧಿ ಇರಲಿ ಬಿಡಲಿ. ಮೊದಲ ಮೂರು ತಿಂಗಳಲ್ಲಿ 100 ಜನ ಹೋದ್ರು. ಉಳಿದ 900ರಲ್ಲಿ ಅರ್ಧ ಜನ, ಅಂದ್ರೆ 450, ಸರಿಯಾಗಿ 90ನೇ ದಿನ ಔಷಧಿ ಶುರು ಮಾಡಿದ್ರು. ಉಳಿದ ಒಂಬತ್ತು ತಿಂಗಳಲ್ಲಿ ಒಂದೊಂದು ಕಡೆಯೂ 122 ಸಾವು.

ಈಗ ತಪ್ಪು ಲೆಕ್ಕ ನೋಡಿ. ತಗೊಂಡೋರು 450, ಸತ್ತೋರು 122, ಶೇ 27. ತಗೊಳ್ಳದೋರು 450 ಜೊತೆಗೆ ಮೊದಲೇ ಹೋದ 100 ಸೇರಿ 550, ಸತ್ತೋರು 222, ಶೇ 40. ನೀರು ಕೊಟ್ಟಿದ್ರೂ ಸಾವು ಮೂರರಲ್ಲಿ ಒಂದು ಪಾಲು ಇಳಿದಂಗೆ ಕಾಣ್ತಿತ್ತು!

ಸರಿ ಮಾಡೋದಕ್ಕೆ ಜನರನ್ನ ಎಣಿಸೋದು ಬಿಟ್ಟು ಅವರು ಬದುಕಿದ್ದ ತಿಂಗಳುಗಳನ್ನ ಎಣಿಸಬೇಕು. ಡಿಸ್ಚಾರ್ಜಿಂದಲೇ ಎಣಿಸಿದ್ರೆ ತಗೊಂಡೋರ ಹೆಸರಲ್ಲಿ ಸುಮಾರು 4820 ತಿಂಗಳು, ತಗೊಳ್ಳದೋರ ಹೆಸರಲ್ಲಿ 4970. ಸಾವಿರ ತಿಂಗಳಿಗೆ 25 ಸಾವು, ಆ ಕಡೆ 45. ಆದ್ರೆ ಆ 450 ಜನರ ಮೊದಲ ಮೂರು ಮೂರು ತಿಂಗಳು, ಒಟ್ಟು 1350, ಔಷಧಿ ಇಲ್ಲದೆ ಕಳೆದಿದ್ದು ತಾನೇ, ಅದನ್ನ ಈ ಖಾತೆಯಿಂದ ತೆಗೆದು ಆ ಖಾತೆಗೆ ಹಾಕಿ. 3470 ತಿಂಗಳಲ್ಲಿ 122, 6320 ತಿಂಗಳಲ್ಲಿ 222. ಎರಡೂ ಕಡೆ ಸಾವಿರ ತಿಂಗಳಿಗೆ 35. ಫಾಯಿದೆ ಮಾಯ.

ನಿಜವಾದ ಡೇಟಾದಲ್ಲಿ ಒಬ್ಬೊಬ್ಬರು ಒಂದೊಂದು ದಿನ ಶುರು ಮಾಡಿರ್ತಾರೆ, ಅದಕ್ಕೆ ಒಬ್ಬರ ಸಾಲನ್ನೇ ಎರಡು ಮಾಡ್ಬೇಕು. 40ನೇ ದಿನ ಶುರು ಮಾಡಿ 200ನೇ ದಿನ ತೀರಿಕೊಂಡವರಿಗೆ, 0ಯಿಂದ 40 ಔಷಧಿ ಇಲ್ಲ, ಸಾವಿಲ್ಲ; 40ರಿಂದ 200 ಔಷಧಿ ಇದೆ, ಸಾವಿದೆ. ಆರ್ ಸಾಫ್ಟ್‌ವೇರಲ್ಲಿ ಆದ್ರೆ ಆಮೇಲೆ ಎರಡೂ ಕಡೆಯ ಸಾವಿನ ದರ ಹೋಲಿಸೋಕೆ ಇಷ್ಟೇ:

```
library(survival)
coxph(Surv(start, stop, death) ~ drug, data = d)
```

ಇಲ್ಲಿ ತುಂಬಾ ಜನ ಒಂದು ಶಾರ್ಟ್‌ಕಟ್ ಹಿಡೀತಾರೆ, ತಗೊಂಡೋರ ಆ ಮೊದಲ ದಿನಗಳನ್ನ ಪೂರ್ತಿ ಬಿಸಾಕಿ ಔಷಧಿ ದಿನದಿಂದ ಎಣಿಸ್ತಾರೆ, ತಗೊಳ್ಳದೋರನ್ನ ಮಾತ್ರ ಡಿಸ್ಚಾರ್ಜಿಂದ. ದಯವಿಟ್ಟು ಬೇಡ. ಮೊದಲ 100 ಸಾವು ಆ ಕಡೆನೇ ಉಳ್ಕೊಂಡಿರುತ್ತೆ, ಅದಕ್ಕೆ ಸೇರಬೇಕಾದ 1350 ತಿಂಗಳು ಮಾತ್ರ ಇರಲ್ಲ. ಬೇರೆ ದಾರಿ ಬೇಕಂದ್ರೆ 90ನೇ ದಿನ ಬದುಕಿರೋ ಎಲ್ಲರನ್ನೂ ಅವತ್ತಿಂದಲೇ ಎಣಿಸಿ, ಅವತ್ತಿನವರೆಗೆ ತಗೊಂಡಿದ್ರಾ ಇಲ್ವಾ ಅಂತ ಗುಂಪು ಮಾಡಿ. ಇದು ನ್ಯಾಯವಾದ ಲೆಕ್ಕ, ಆದ್ರೆ ಮೊದಲ ಮೂರು ತಿಂಗಳ ಬಗ್ಗೆ ಏನೂ ಹೇಳಲ್ಲ.

2003ರಲ್ಲಿ ಮಾಂಟ್ರಿಯಲ್‌ನ ಸಂಶೋಧಕ ಸಾಮಿ ಸುಯಿಸಾ ಕೆನಡಾದ್ದೇ ಸಸ್ಕ್ಯಾಚೆವನ್ ಪ್ರಾಂತ್ಯದ ಡೇಟಾದಲ್ಲಿ ಎರಡೂ ಥರ ಲೆಕ್ಕ ಮಾಡಿ ತೋರಿಸಿದ್ರು: ಹಳೇ ರೀತಿಲಿ ಇನ್ಹೇಲರಿಗೆ ಫಾಯಿದೆ ಕಾಣ್ತು, ಸಮಯ ಸರಿಯಾಗಿ ಹಂಚಿದ ಮೇಲೆ ಹೋಯ್ತು. 2007ರಲ್ಲಿ ಬಂದ ಟಾರ್ಚ್ ಟ್ರಯಲಲ್ಲಿ, ಚೀಟಿ ಎತ್ತಿದಂಗೆ ಗುಂಪು ಮಾಡಿ ಆರು ಸಾವಿರಕ್ಕೂ ಹೆಚ್ಚು ಜನರನ್ನ ಮೂರು ವರ್ಷ ನೋಡಿದ್ರು, ಅಲ್ಲೂ ಬರೀ ಸ್ಟೀರಾಯ್ಡ್ ತಗೊಂಡ ಗುಂಪಲ್ಲಿ ಸಾವು ಕಡಿಮೆ ಆಗ್ಲಿಲ್ಲ.

ಪೇಪರ್ ಓದೋವಾಗ, ದಿನ ಕಳೆದಂಗೆ ಎಷ್ಟು ಜನ ಬದುಕಿದ್ರು ಅಂತ ತೋರಿಸೋ ಗ್ರಾಫ್ ನೋಡಿ. ತಗೊಂಡೋರ ಗೆರೆ ಶುರುವಲ್ಲಿ ಬೀಳದೆ ಚಪ್ಪಟೆಯಾಗಿ ಹೋಗ್ತಿದ್ದು, ಎರಡು ಗೆರೆ ಮೊದಲ ವಾರದಿಂದಲೇ ಬೇರೆಯಾಗಿದ್ರೆ, ಆ ಹೊತ್ತಿಗೆ ಎಷ್ಟು ಜನ ಔಷಧಿ ಶುರು ಮಾಡಿದ್ರು ಅಂತ ಹುಡುಕಿ. ಸಮಯದ ತಪ್ಪು ಸರಿ ಮಾಡಿದ್ರೂ ಇನ್ನೊಂದು ಉಳಿಯುತ್ತೆ: ಡಾಕ್ಟರು ಯಾರಿಗೆ ಬರೆದುಕೊಟ್ರು, ಉಸಿರಾಟ ಜಾಸ್ತಿ ಕೆಟ್ಟೋರಿಗಾ, ಸ್ವಲ್ಪ ಗಟ್ಟಿ ಇದ್ದೋರಿಗಾ ಅನ್ನೋದು, ಅದಕ್ಕೆ ಸಾಲು ಒಡೆಯೋದರಿಂದ ಉತ್ತರ ಸಿಗಲ್ಲ.