ಅವ್ವನ ಶುಗರ್ 5.4: ಬ್ರಿಟನ್ನಿನ ಮೀಟರ್ ಓದುವ ಬಗೆ

ವಿಜಯಪುರದಿಂದ ಅವ್ವ ಬ್ರಿಟನ್ನಿನ ನಮ್ಮ ಮನೆಗೆ ಬಂದು ಎರಡು ವಾರವಾಗಿತ್ತು. ಊರಿಂದ ತಂದಿದ್ದ ಸ್ಟ್ರಿಪ್ ಮುಗಿದವು ಅಂತ ಇಲ್ಲೇ ಹೊಸ ಮೀಟರ್ ಕೊಂಡೆ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿಕೊಂಡವಳು ಗಾಬರಿಯಿಂದ ಕೂಗಿದಳು: "ತಮ್ಮಾ, ಐವತ್ನಾಲ್ಕಕ್ಕ ಇಳದೈತಿ, ಬೆಲ್ಲ ಕೊಡು!"

ಮೀಟರಿನಲ್ಲಿ ಇದ್ದದ್ದು 5.4. ನಡುವಿನ ಚುಕ್ಕಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮೂರಿನ ಮೀಟರ್ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಅಂತ ತೂಕ ಹೇಳುತ್ತದೆ. ಬ್ರಿಟನ್ನಿನದು ಒಂದು ಲೀಟರಿನಲ್ಲಿ ಎಷ್ಟು ಮಿಲಿಮೋಲ್ ಇದೆ ಅಂತ, ಅಂದರೆ ತೂಕದ ಬದಲು ಗ್ಲೂಕೋಸ್ ಅಣುಗಳ ಎಣಿಕೆ ಹೇಳುತ್ತದೆ. ಒಂದು ಮಿಲಿಮೋಲ್ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ತೂಗುತ್ತದೆ. ಲೀಟರಿನಲ್ಲಿ ಹತ್ತು ಡೆಸಿಲೀಟರ್ ಇರುವುದರಿಂದ 180ನ್ನು ಹತ್ತರಿಂದ ಭಾಗಿಸಿದರೆ 18. ಲೆಕ್ಕವೆಲ್ಲ ಈ 18ರದ್ದೇ.

```
mg/dL = mmol/L × 18
mmol/L = mg/dL ÷ 18
```

ಬಾಯಿಲೆಕ್ಕಕ್ಕೆ ಒಂದು ಸುಲಭ ದಾರಿ ಇದೆ. 20ರಿಂದ ಗುಣಿಸಿ, ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕಳೆಯಿರಿ. ಅವ್ವನ 5.4ಕ್ಕೆ 108 ಬಂತು. ಅದರಲ್ಲಿ 11 ಕಳೆದರೆ 97. ಖಾಲಿ ಹೊಟ್ಟೆಗೆ ಇದು ಚೆನ್ನಾಗಿಯೇ ಇದೆ, ಬೆಲ್ಲ ಬೇಕಾಗಿಲ್ಲ. ತಿರುಗಿಸುವಾಗ ಮೊದಲು ಅರ್ಧ ಮಾಡಿ, ಆಮೇಲೆ 9ರಿಂದ ಭಾಗಿಸಿ. ಊರಲ್ಲಿ 162 ಇತ್ತು ಅನ್ನಿ. ಅರ್ಧ 81, ಒಂಬತ್ತರಿಂದ ಭಾಗಿಸಿದರೆ ಇಲ್ಲಿನ 9.0.

ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದರ ಉಲ್ಟಾ ತಪ್ಪು. ಊರಿನ ಡಾಕ್ಟರು ಅವ್ವನ ಚೀಟಿಯಲ್ಲಿ "200 ದಾಟಿದರೆ ಫೋನ್ ಮಾಡಿ, 70ಕ್ಕಿಂತ ಕೆಳಗಿದ್ದರೆ ಸಿಹಿ ಕೊಡಿ" ಅಂತ ಬರೆದಿದ್ದರು. ಒಂದು ದಿನ ಊಟವಾದ ಮೇಲೆ 13.6 ತೋರಿಸಿತು. ಸುಮ್ನೆ ನೋಡಿದರೆ ಸಣ್ಣ ಅಂಕಿ, ಅಲ್ವಾ? ಲೆಕ್ಕ ಹಾಕಿದರೆ 245. ಫೋನ್ ಮಾಡಲೇಬೇಕಾದ ದಿನ ಅದು. ಅವತ್ತೇ ಚೀಟಿಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದೆ: 200 ಅಂದರೆ 11.1, 70 ಅಂದರೆ 3.9. ಬ್ರಿಟನ್ನಿನ ನರ್ಸುಗಳು 4ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ. ಅದು ನಮ್ಮ 72, ಹೆಚ್ಚುಕಡಿಮೆ ಒಂದೇ.

ಯಾವ ಮೀಟರ್ ಅಂತ ಅನುಮಾನ ಬಂದರೆ ಪರದೆಯ ಮೂಲೆ ನೋಡಿ. `mmol/L` ಇದ್ದರೆ ಅಂಕಿಯಲ್ಲಿ ಚುಕ್ಕಿ ಇರುತ್ತದೆ. `mg/dL` ಇದ್ದರೆ ಪೂರ್ಣ ಅಂಕಿ. ಫೋನಿನಲ್ಲಿ ಊರಿನ ಅಣ್ಣನಿಗೆ ಹೇಳುವಾಗ ನಾನು ಯಾವಾಗಲೂ ಎರಡನ್ನೂ ಹೇಳುತ್ತೇನೆ. ಲೆಕ್ಕದಲ್ಲಿ ಒಂದೆರಡು `mg/dL` ಹೆಚ್ಚುಕಡಿಮೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಮನೆಯ ಮೀಟರಿನಲ್ಲೇ ಅದಕ್ಕಿಂತ ಜಾಸ್ತಿ ಏರುಪೇರು ಇರುತ್ತದೆ.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ಮಾತ್ರ ಈ 18 ಹಚ್ಚಬೇಡಿ. ಅದರ ಲೆಕ್ಕವೇ ಬೇರೆ. ಊರಿನ ರಿಪೋರ್ಟಿನ 7 ಶೇಕಡಾ ಇಲ್ಲಿ 53 ಅಂತ ಬರುತ್ತದೆ. ಅದನ್ನು ನೋಡಿ ಅವ್ವ ಮತ್ತೆ ಬೆಲ್ಲದ ಡಬ್ಬಿಗೆ ಕೈ ಹಾಕದ ಹಾಗೆ ಮೊದಲೇ ಹೇಳಿಟ್ಟೆ.