ಒಂದು ಬಡ್ಡಿ ಪ್ರಮಾಣಪತ್ರ, ಎರಡು ರಿಟರ್ನ್ಸ್: ನಮ್ಮ ಗೃಹಸಾಲದ ತೆರಿಗೆ ಲೆಕ್ಕ

ಮೈಸೂರಿನಲ್ಲಿ ನಾವು ಮನೆ ಕೊಂಡದ್ದು 2022ರ ನವೆಂಬರ್‌ನಲ್ಲಿ. ಸಾಲ 42 ಲಕ್ಷ, ಅವಧಿ ಇಪ್ಪತ್ತು ವರ್ಷ, ತಿಂಗಳ ಕಂತು 36,700 ರೂಪಾಯಿ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ, ಸಾಲದ ಕರಾರಿನಲ್ಲಿಯೂ ಇದೆ. ಕರಡು ಸಿದ್ಧಪಡಿಸಿದ ಪತ್ರಬರಹಗಾರರು ನಮ್ಮನ್ನು ಕೂರಿಸಿಕೊಂಡು, "ಯಾರದು ಎಷ್ಟು ಪಾಲು ಅಂತ ಬರೆಸುತ್ತೀರಾ, ಇಲ್ಲ ಸುಮ್ಮನೆ ಇಬ್ಬರ ಹೆಸರು ಸಾಕಾ?" ಎಂದು ಕೇಳಿದ್ದರು. ಮುಂಗಡಕ್ಕೆ ಹೊಂದಿಸಿದ ದುಡ್ಡಿನಲ್ಲಿ ಯಜಮಾನರದು ಹೆಚ್ಚಿತ್ತು, ಸಂಬಳವೂ ಅವರದೇ ಹೆಚ್ಚು. ಹಾಗಾಗಿ ಅವರಿಗೆ 60, ನನಗೆ 40 ಎಂದು ಬರೆಸಿದೆವು. ಆ ಹೊತ್ತಿಗೆ ಅದೊಂದು ಔಪಚಾರಿಕ ಸಾಲು ಅನ್ನಿಸಿತ್ತು. ಮುಂದೆ ಪ್ರತಿ ವರ್ಷದ ತೆರಿಗೆ ಲೆಕ್ಕ ಆ ಸಾಲಿನ ಮೇಲೆಯೇ ನಿಂತಿತು.

ಸಾಲ ಕೊಟ್ಟವರು ವರ್ಷಕ್ಕೆ ಎರಡು ಸಲ ಬಡ್ಡಿ ಪ್ರಮಾಣಪತ್ರ ಕೊಡುತ್ತಾರೆ. ಕಚೇರಿಗೆ ದಾಖಲೆ ಒಪ್ಪಿಸುವ ಜನವರಿ ಹೊತ್ತಿಗೆ ತಾತ್ಕಾಲಿಕ ಪತ್ರ, ಏಪ್ರಿಲ್‌ನಲ್ಲಿ ಅಂತಿಮ ಪತ್ರ. ಎರಡರಲ್ಲೂ ಆ ವರ್ಷ ಕಟ್ಟಿದ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂದು ಬೇರೆ ಬೇರೆ ತೋರಿಸಿರುತ್ತಾರೆ. ಮೇಲ್ಗಡೆ ಇಬ್ಬರ ಹೆಸರೂ ಇರುತ್ತದೆ. ಆದರೆ ಯಾರ ಪಾಲು ಎಷ್ಟು ಎಂಬುದು ಎಲ್ಲಿಯೂ ಇರುವುದಿಲ್ಲ. ಅದನ್ನು ಸೇರಿಸಿ ಕೊಡಿ ಎಂದು ಒಮ್ಮೆ ಕೇಳಿ ನೋಡಿದೆ. ಸಾಲ ಇಬ್ಬರಿಗೂ ಒಟ್ಟಾಗಿ ಕೊಟ್ಟದ್ದು, ಹಂಚಿಕೆ ನಿಮಗೆ ಬಿಟ್ಟದ್ದು ಎಂದರು.

ಹಂಚಿಕೆ ನಮಗೆ ಬಿಟ್ಟದ್ದು ಎಂದರೆ ನಮ್ಮಿಷ್ಟ ಎಂದರ್ಥವಲ್ಲ ಎಂಬುದು 2023–24ರಲ್ಲಿ ಗೊತ್ತಾಯಿತು. ಆ ವರ್ಷ ಇಬ್ಬರೂ, ಸಾಲದ ಬಡ್ಡಿ, ಹೂಡಿಕೆ ಇತ್ಯಾದಿಗಳನ್ನು ಆದಾಯದಿಂದ ಕಳೆಯಲು ಬಿಡುವ ಹಳೆಯ ತೆರಿಗೆ ಪದ್ಧತಿಯಲ್ಲಿದ್ದೆವು. ಒಂದೇ ಪ್ರಮಾಣಪತ್ರದ ಎರಡು ಪ್ರತಿ ತೆಗೆದು ಇಬ್ಬರೂ ನಮ್ಮ ನಮ್ಮ ಕಚೇರಿಗೆ ಕೊಟ್ಟೆವು. ಅವರ ಕಚೇರಿಯವರು ಪೂರ್ತಿ ಬಡ್ಡಿಯನ್ನು ನೋಡಿ ಮಿತಿಯ 2 ಲಕ್ಷ ಹಾಕಿಕೊಂಡರು. ನನ್ನ ಕಚೇರಿಯವರೂ ಹಾಗೆಯೇ ಮಾಡಿದರು. ಜೂನ್‌ನಲ್ಲಿ ಎರಡು ಫಾರಂ 16 ಅಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರದೂ ಸೇರಿ 4 ಲಕ್ಷ ಬಡ್ಡಿ ಕಳೆದಿತ್ತು, ಪ್ರಮಾಣಪತ್ರದಲ್ಲಿ ಇದ್ದ ಬಡ್ಡಿಯೇ ಅಷ್ಟಿರಲಿಲ್ಲ. ತಪ್ಪು ಅವರದು ಎನ್ನಲು ಬಾಯಿ ಬರಲಿಲ್ಲ, ಪಾಲು ಇಷ್ಟು ಎಂದು ನಾವು ಹೇಳಿರಲೇ ಇಲ್ಲ. ರಿಟರ್ನ್ಸ್ ಸಲ್ಲಿಸುವಾಗ ಸರಿಪಡಿಸಿ, ಕಡಿಮೆ ಬಿದ್ದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದೆವು. ಮರುವರ್ಷ, ಕಡಿತಗಳ ವಿವರವನ್ನು ಕಚೇರಿಗೆ ಕೊಡುವ 12ಬಿಬಿ ನಮೂನೆಯಲ್ಲಿ ನನ್ನ ಪಾಲಿನ ಬಡ್ಡಿಯನ್ನಷ್ಟೇ ಬರೆದೆ. ಜೊತೆಗೆ ಕ್ರಯಪತ್ರದ ಪಾಲಿನ ಪುಟದ ಪ್ರತಿ, ಇಬ್ಬರೂ ಸಹಿ ಮಾಡಿದ ಒಂದು ಸಾದಾ ಕಾಗದ ಇಟ್ಟೆ. ಎರಡು ಫಾರಂ 16ರ ಬಡ್ಡಿ ಕೂಡಿಸಿದರೆ ಪ್ರಮಾಣಪತ್ರದ ಮೊತ್ತವನ್ನು ಮೀರಬಾರದು. ಪ್ರತಿ ಜೂನ್‌ನಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಇನ್ನೊಂದು ಸಡಿಲ ಜಾಗ ಕಂತು ಕಟ್ಟುವ ಖಾತೆ. ಕಂತು ಪೂರ್ತಿ ಯಜಮಾನರ ಖಾತೆಯಿಂದ ಹೋಗುತ್ತಿತ್ತು. ದಿನಸಿ, ಶಾಲೆಯ ಫೀಸು, ವಿದ್ಯುತ್ ಬಿಲ್ಲು ನನ್ನ ಖಾತೆಯಿಂದ. ಸಂಸಾರದ ಲೆಕ್ಕದಲ್ಲಿ ಅದು ಸರಿಯೇ. ಆದರೆ ಆಗಿನ ಆದಾಯ ತೆರಿಗೆ ಕಾಯ್ದೆಯ ಕಲಂ 80ಸಿ ಅಡಿ ಅಸಲಿಗೆ ವಿನಾಯಿತಿ ಸಿಗುತ್ತಿದ್ದದ್ದು ಕಟ್ಟಿದವರಿಗೆ, ಮತ್ತು ನಾನು ಕಟ್ಟಿದ್ದಕ್ಕೆ ಬ್ಯಾಂಕಿನ ಪಾಸ್‌ಪುಸ್ತಕದಲ್ಲಿ ಒಂದು ಸಾಲಿನ ಗುರುತೂ ಇರಲಿಲ್ಲ. ಈಗ ಪ್ರತಿ ತಿಂಗಳು 3ನೇ ತಾರೀಖು 14,680 ರೂಪಾಯಿ, ಅಂದರೆ ಕಂತಿನ 40 ಭಾಗ, ನನ್ನ ಖಾತೆಯಿಂದ ಅವರ ಖಾತೆಗೆ ಹೋಗುತ್ತದೆ. ಷರಾ ಜಾಗದಲ್ಲಿ "ಮನೆ ಕಂತು" ಎಂದಿರುತ್ತದೆ.

ಈಗ 2024–25ರ ಲೆಕ್ಕಕ್ಕೆ ಬರುತ್ತೇನೆ. ಇದನ್ನು ಬರೆಯಬೇಕು ಅನ್ನಿಸಿದ್ದೇ ಆ ವರ್ಷದ ಕಾರಣಕ್ಕೆ.

ಆ ವರ್ಷ ಅವರ ಸಂಬಳ 17 ಲಕ್ಷ, ನನ್ನದು 9 ಲಕ್ಷ. ಅಂತಿಮ ಪ್ರಮಾಣಪತ್ರದ ಪ್ರಕಾರ ಬಡ್ಡಿ 3,48,000, ಅಸಲು 92,400. ಅವರ 60 ಭಾಗದ ಬಡ್ಡಿ 2,08,800 ಆಗುತ್ತದೆ. ಹಳೆಯ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಕಲಂ 24(ಬಿ) ಅಡಿ ಒಬ್ಬರಿಗೆ ಮಿತಿ 2 ಲಕ್ಷ, ಆದ್ದರಿಂದ 8,800 ಗಾಳಿಗೆ ಹೋಗುತ್ತಿತ್ತು. ನನ್ನ ಪಾಲಿನ ಬಡ್ಡಿ 1,39,200, ಮಿತಿಗಿಂತ ಎಷ್ಟೋ ಕೆಳಗೆ. "ಆ ಎಂಟು ಸಾವಿರವನ್ನು ನೀನೇ ಹಾಕಿಕೊಳ್ಳಲು ಬರುವುದಿಲ್ಲವಾ?" ಎಂದು ಯಜಮಾನರು ಕೇಳಿದರು. ಬರುವುದಿಲ್ಲ. ಪಾಲು ಮಿಕ್ಕಿತೆಂದು ಪಕ್ಕದವರ ತಟ್ಟೆಗೆ ಬಡಿಸಲು ಇಲ್ಲಿ ಅವಕಾಶವಿಲ್ಲ.

ಹೆಚ್ಚು ಸಂಬಳದವರ ಹೆಸರಿನಲ್ಲಿ ಹೆಚ್ಚು ಪಾಲು ಇದ್ದರೆ ಹೆಚ್ಚು ಉಳಿತಾಯ ಎಂದೇ ನಾವಿಬ್ಬರೂ ನಂಬಿದ್ದೆವು. ಅವರದು ಶೇಕಡ 30ರ ಹಂತ, ನನ್ನದು 20ರದು, ಇನ್ನೇನು ಅನುಮಾನ? 2025ರ ಜನವರಿಯಲ್ಲಿ ತಾತ್ಕಾಲಿಕ ಪತ್ರ ಕೈಗೆ ಬಂದಾಗ, ಒಂದು ಭಾನುವಾರ ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡಿದೆ. ಹಳೆಯ ಪದ್ಧತಿಯಲ್ಲಿ ಅವರಿಗೆ ಬಡ್ಡಿಯ 2 ಲಕ್ಷ, 80ಸಿಯ ಒಂದೂವರೆ ಲಕ್ಷ, ಆರೋಗ್ಯ ವಿಮೆಯ ಕಂತು, ವೃತ್ತಿ ತೆರಿಗೆ ಎಲ್ಲವನ್ನೂ ಕಳೆದ ಮೇಲೂ ತೆರಿಗೆ 2,02,490 ಬಂತು. ಹೊಸ ಪದ್ಧತಿಯಲ್ಲಿ ಏನನ್ನೂ ತೋರಿಸದೆ, 75,000ದ ಪ್ರಮಾಣಿತ ಕಡಿತವೊಂದನ್ನೇ ತೆಗೆದರೆ 1,84,600. ಗೃಹಸಾಲವನ್ನು ಮರೆತುಬಿಟ್ಟರೆ ಅವರಿಗೆ ಸುಮಾರು 18,000 ರೂಪಾಯಿ ಲಾಭ! ಎರಡು ಸಲ ಕೂಡಿ ಕಳೆದೆ, ಅಷ್ಟೇ ಬಂತು.

ನನ್ನ ಕಡೆ ಚಿತ್ರ ತಿರುಗುಮುರುಗು. ಹೊಸ ಪದ್ಧತಿಯಲ್ಲಿ ನನ್ನ ತೆರಿಗೆ 33,800. ಹಳೆಯದರಲ್ಲಿ ಸಂಬಳದಿಂದ 50,000ದ ಪ್ರಮಾಣಿತ ಕಡಿತ, ವೃತ್ತಿ ತೆರಿಗೆಯ 2,400, ನನ್ನ ಪಾಲಿನ ಬಡ್ಡಿ ಕಳೆದರೆ 7,08,400 ಉಳಿಯಿತು. 80ಸಿಯಲ್ಲಿ ಭವಿಷ್ಯನಿಧಿಯ 60,000 ಮತ್ತು ನನ್ನ ಪಾಲಿನ ಅಸಲು ಸುಮಾರು 37,000 ಇದ್ದವು. ಇನ್ನೂ 53,000 ಚಿಲ್ಲರೆ ಜಾಗ ಖಾಲಿ. ಅದನ್ನು ಪಿಪಿಎಫ್‌ನಿಂದ ತುಂಬಿದರೆ ತೆರಿಗೆಗೆ ಒಳಪಡುವ ಆದಾಯ 5,58,400ಕ್ಕೆ ಇಳಿಯುತ್ತದೆ, ತೆರಿಗೆ ಸುಮಾರು 25,150.

ಆಸೆ ಹುಟ್ಟಿದ್ದು ಇಲ್ಲಿ. ಯಜಮಾನರು ಹೊಸ ಪದ್ಧತಿಗೆ ಹೋದರೆ ಅವರ ಪಾಲಿನ ಬಡ್ಡಿಯನ್ನು ಯಾರೂ ಬಳಸುವುದಿಲ್ಲ. ನಾನು 1,39,200ರ ಬದಲು ಮಿತಿಯ 2 ಲಕ್ಷವನ್ನೇ ತೋರಿಸಿದರೆ ನನ್ನ ಆದಾಯ 5 ಲಕ್ಷದ ಒಳಗೆ ಬರುತ್ತದೆ, ಕಲಂ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತದೆ. ಇಬ್ಬರದೂ ಕೂಡಿದರೆ ಪ್ರಮಾಣಪತ್ರದ ಮೊತ್ತವನ್ನು ಮೀರುವುದೂ ಇಲ್ಲ, ನನ್ನ ಜೂನ್ ತಿಂಗಳ ತಾಳೆಯಲ್ಲಿ ಸಿಕ್ಕಿಬೀಳುವುದೂ ಇಲ್ಲ. ಸಹೋದ್ಯೋಗಿಯೊಬ್ಬರು ಹೀಗೇ ಮಾಡುತ್ತಾ ಬಂದಿದ್ದಾರೆ, "ಯಾರು ಕೇಳುತ್ತಾರೆ ಬಿಡಿ" ಎನ್ನುತ್ತಾರೆ. ಆದರೆ ಪಾಲು ನಿರ್ದಿಷ್ಟವಾಗಿರುವ ಜಂಟಿ ಮನೆಯಲ್ಲಿ ಪ್ರತಿಯೊಬ್ಬರ ಲೆಕ್ಕವೂ ಅವರವರ ಪಾಲಿಗೆ ಮಾತ್ರ ಎಂದು ಆ ಕಾಯ್ದೆಯ ಕಲಂ 26 ಹೇಳುತ್ತಿತ್ತು. ನಮ್ಮ ಪಾಲು ನೋಂದಾಯಿತ ಪತ್ರದಲ್ಲಿ ಕಪ್ಪು ಬಿಳುಪಾಗಿ ಇದೆ. ಗಂಡ ಹೊಸ ಪದ್ಧತಿಯನ್ನು ಆರಿಸಿಕೊಂಡ ಮಾತ್ರಕ್ಕೆ ಹೆಂಡತಿಯ 40 ಭಾಗ 57 ಆಗುವುದಿಲ್ಲ. ಪಾಲು ಬರೆಸದೇ ಇದ್ದವರಿಗೂ ಇದರಿಂದ ಪಾರಿಲ್ಲ. ಆಗ ಯಾರು ಎಷ್ಟು ಹಣ ಹಾಕಿದರು ಎಂಬುದು ಮುಖ್ಯವಾಗುತ್ತದೆ, ಅದಕ್ಕೂ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಹಿಡಿಯುತ್ತಾರೆ.

ಸರಿಯಾದ ದಾರಿ ಬೇರೆ ಇತ್ತು. 5 ಲಕ್ಷಕ್ಕೆ ಇಳಿಯಲು ನನಗೆ ಬೇಕಿದ್ದದ್ದು 58,400. ಮನೆಮಂದಿಯ ಆರೋಗ್ಯ ವಿಮೆಯ ನವೀಕರಣ ಫೆಬ್ರುವರಿಯಲ್ಲಿ ಬರುತ್ತದೆ, ಕಂತು 23,600. ಪ್ರತಿ ವರ್ಷ ಯಜಮಾನರು ಕಟ್ಟುತ್ತಿದ್ದರು, ಹೊಸ ಪದ್ಧತಿಗೆ ಹೋದ ಮೇಲೆ ಅವರಿಗೆ ಅದರಿಂದ ಉಪಯೋಗವಿಲ್ಲ. ಈ ಸಲ ನನ್ನ ಖಾತೆಯಿಂದ ನಾನು ಕಟ್ಟಿದೆ, 80ಡಿ ನನಗೆ ಬಂತು. ಎನ್‌ಪಿಎಸ್‌ಗೆ 40,000 ಹಾಕಿದೆ, ಅದಕ್ಕೆ 80ಸಿಸಿಡಿ(1ಬಿ) ಅಡಿ ಪ್ರತ್ಯೇಕ ವಿನಾಯಿತಿ ಇತ್ತು. ಪಿಪಿಎಫ್‌ಗೆ 53,500. ವಯಸ್ಸು ಅರವತ್ತಾಗುವವರೆಗೆ ಸುಲಭವಾಗಿ ಕೈಗೆ ಸಿಗದ ಪಿಂಚಣಿ ಯೋಜನೆ ಎನ್‌ಪಿಎಸ್‌ನಲ್ಲಿ ಹಣ ಕೂರಿಸುವುದು ನನಗೆ ಅಷ್ಟು ಇಷ್ಟವಿರಲಿಲ್ಲ. ಮುಗಿದ ಚೀಟಿಯ ಹಣ ಕೈಯಲ್ಲಿದ್ದುದರಿಂದ ಮನಸ್ಸು ಮಾಡಿದೆ. ಸಾಲ ಮಾಡಿ ತೆರಿಗೆ ಉಳಿಸಬೇಕಾಗಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಮಾರ್ಚ್ 31ಕ್ಕೆ ಮುಂಚೆ ಇದೆಲ್ಲ ಮುಗಿಯಬೇಕು, ಆದರೆ ಅಂತಿಮ ಪ್ರಮಾಣಪತ್ರ ಬರುವುದು ಏಪ್ರಿಲ್‌ನಲ್ಲಿ. ಹಾಗಾಗಿ ಅಂಚಿಗೆ ತಾಗಿಸದೆ ಸುಮಾರು 5,000 ರೂಪಾಯಿಯ ಅಂತರ ಬಿಟ್ಟಿದ್ದೆ. ಅದು ಕೆಲಸಕ್ಕೆ ಬಂತು. ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಕಾಲು ಶೇಕಡ ಇಳಿಸಿತು, ನಮ್ಮ ಸಾಲಕ್ಕೆ ಅದು ಮಾರ್ಚ್ ಕಂತಿನಲ್ಲಿ ತಾಗಿತು. ತಾತ್ಕಾಲಿಕ ಪತ್ರದಲ್ಲಿ 3,48,850 ಇದ್ದ ಬಡ್ಡಿ ಅಂತಿಮ ಪತ್ರದಲ್ಲಿ 3,48,000 ಆಯಿತು. ಕಂತು ಬದಲಾಗಿರಲಿಲ್ಲ, ಆದ್ದರಿಂದ ಆ 850 ಅಸಲಿಗೆ ಸೇರಿತ್ತು. ನನ್ನ ಪಾಲಿಗೆ 340 ರೂಪಾಯಿಯ ವ್ಯತ್ಯಾಸ ಅಷ್ಟೇ, ಆದರೆ ಹಳೆಯ ಪದ್ಧತಿಯಲ್ಲಿ 5 ಲಕ್ಷದ ಗೆರೆ ಬಹಳ ಕಟ್ಟುನಿಟ್ಟು. ಹತ್ತು ರೂಪಾಯಿ ದಾಟಿದರೂ ರಿಯಾಯಿತಿ ಪೂರ್ತಿ ಹೋಗಿ ಸುಮಾರು 13,000 ತೆರಿಗೆ ಬೀಳುತ್ತದೆ. ನನ್ನದು 4,94,800ಕ್ಕೆ ನಿಂತಿತು. ಉಳಿತಾಯ ಖಾತೆಯ ಬಡ್ಡಿ ಎರಡು ಸಾವಿರ ಚಿಲ್ಲರೆ ಇತ್ತು, ಅದನ್ನು ಆದಾಯಕ್ಕೆ ಸೇರಿಸಿ 80ಟಿಟಿಎ ಅಡಿ ಕಳೆದೆ.

ರಿಟರ್ನ್ಸ್‌ಗೆ ಐಟಿಆರ್-2 ಆರಿಸಿಕೊಂಡೆ, ಅದರಲ್ಲಿ ಸಹ ಮಾಲೀಕರ ಹೆಸರು, ಪ್ಯಾನ್, ಪಾಲಿನ ಶೇಕಡಾವಾರು ತುಂಬಲು ಜಾಗವಿದೆ. ಆ ವರ್ಷದಿಂದ ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನ, ಮಾರ್ಚ್ 31ರ ಬಾಕಿ ಎಲ್ಲವನ್ನೂ ಕೇಳತೊಡಗಿದ್ದಾರೆ. "ಯಾರು ಕೇಳುತ್ತಾರೆ" ಎಂದ ಸಹೋದ್ಯೋಗಿಯ ಮುಖ ಆಗ ನೆನಪಾಯಿತು. ಹಳೆಯ ಪದ್ಧತಿ ಬೇಕೆಂದರೆ ರಿಟರ್ನ್ಸ್ ಗಡುವಿನೊಳಗೇ ಸಲ್ಲಿಸಬೇಕು, ತಡವಾದರೆ ಹೊಸ ಪದ್ಧತಿಯೇ ಗತಿ. ಆ ವರ್ಷ ಗಡುವನ್ನು ಮುಂದೂಡುತ್ತಾ ಸೆಪ್ಟೆಂಬರ್ 16ರವರೆಗೆ ತಂದಿದ್ದರು. ನಾನು ಜುಲೈನಲ್ಲೇ ಕಳುಹಿಸಿ, ಕಚೇರಿಯಲ್ಲಿ ಜನವರಿಯವರೆಗೆ ಮುರಿದುಕೊಂಡಿದ್ದ ತೆರಿಗೆಯನ್ನು ಮರಳಿ ಪಡೆದೆ.

2025–26ಕ್ಕೆ ಈ ಲೆಕ್ಕ ನಮಗೆ ಬೇಕಾಗಲಿಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲದ್ದರಿಂದ ನನ್ನದು ಏನನ್ನೂ ಹೂಡದೆಯೇ ಸೊನ್ನೆ. ಎನ್‌ಪಿಎಸ್ ಖಾತೆ ಜೀವಂತವಾಗಿರಲಿ ಎಂದು ಕನಿಷ್ಠ ಸಾವಿರ ರೂಪಾಯಿ ಹಾಕಿ ಸುಮ್ಮನಾದೆ. "ಇನ್ನು ಆ 14,680 ಯಾಕೆ ಕಳಿಸುತ್ತೀಯ, ತರಕಾರಿಗೆ ಇಟ್ಟುಕೋ" ಎಂದು ಯಜಮಾನರು ತಮಾಷೆ ಮಾಡುತ್ತಾರೆ. ಮನೆಯನ್ನು ಮುಂದೆ ಎಂದಾದರೂ ಮಾರಿದರೆ ಬಂಡವಾಳ ಲಾಭವನ್ನೂ ಇದೇ 60–40ರಲ್ಲಿ ಹಂಚಬೇಕು, ನನ್ನ 40 ಭಾಗಕ್ಕೆ ನಾನೇ ದುಡ್ಡು ಕಟ್ಟಿದ್ದೆ ಎಂದು ಆಗ ತೋರಿಸಬೇಕಾಗುತ್ತದೆ. 3ನೇ ತಾರೀಖಿನ ವರ್ಗಾವಣೆಯನ್ನು ನಿಲ್ಲಿಸಿಲ್ಲ.